ಬ್ಯಾಟರಿ ಮತ್ತು ಚಾರ್ಜರ್ ಇನ್ನು ಒಂದೇ ಪೆಟ್ಟಿಗೆಯಲ್ಲಿ: ಬಾಡಿಗೆ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಜೂನ್ 1ರಿಂದ ನಮ್ಮ ಮಳಿಗೆಯಲ್ಲಿ ಬ್ಯಾಟರಿ ಕೊಡುವ ಪದ್ಧತಿ ಬದಲಾಗುತ್ತದೆ. ಕ್ಯಾಮೆರಾ ಇರಲಿ, ಡ್ರೋನ್ ಇರಲಿ, ಡ್ರಿಲ್ ಇರಲಿ, ಪ್ರತಿ ಬ್ಯಾಟರಿ ಪ್ಯಾಕ್ ತನ್ನದೇ ಚಾರ್ಜರ್ ಜೊತೆ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಪೆಟ್ಟಿಗೆ, ಪ್ಯಾಕ್, ಚಾರ್ಜರ್ ಮೂರರ ಮೇಲೂ ಒಂದೇ ನಂಬರ್, ಒಂದೇ ಬಣ್ಣದ ಟೇಪ್ ಇರುತ್ತದೆ. ಬಿಡಿ ಚಾರ್ಜರ್ ಇನ್ನು ಬಾಡಿಗೆಗೆ ಸಿಗುವುದಿಲ್ಲ. ಹೊರಗಿನ ಪ್ಯಾಕ್ ತಂದು "ಇಲ್ಲೇ ಒಂದ್ ಗಂಟೆ ಹಾಕ್ಕೊಡಿ" ಎಂದರೂ ಆಗುವುದಿಲ್ಲ. ಸ್ಪ್ರೇ ಡ್ರೋನಿನ ಎರಡು ಪ್ಯಾಕ್‌ಗಳ ಜೋಡಿಯನ್ನು ಬೇರೆ ಮಾಡಿ ಕೊಡುವುದೂ ನಿಂತಿದೆ.

ಕೌಂಟರಿನಲ್ಲಿ ಇದನ್ನು ಹೇಳಿದಾಗ ಬಹಳ ಜನ ಕೇಳಿದ್ದು ಒಂದೇ ಮಾತು: "ಪಿನ್ ಕೂತರೆ ಸಾಕಲ್ವಾ ಸಾರ್?" ಸಾಲದು. ಏಕೆ ಅಂತ ವಿವರವಾಗಿ ಬರೆಯುತ್ತಿದ್ದೇವೆ.

ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು ಒಯ್ಯುವ ಕಡಿಮೆ ಬೆಲೆಯ ಡ್ರಿಲ್ ಸೆಟ್‌ಗಳಿಂದ ಶುರು ಮಾಡೋಣ, ಗೊಂದಲ ಜಾಸ್ತಿ ಅಲ್ಲೇ. ಇವುಗಳ ಜೊತೆ ಬರುವುದು ಲ್ಯಾಪ್‌ಟಾಪಿಗೆ ಇರುವಂಥ ಕಪ್ಪು ಅಡಾಪ್ಟರ್, ತುದಿಯಲ್ಲಿ ದುಂಡು ಪಿನ್. 12 ವೋಲ್ಟಿನ ಡ್ರಿಲ್ಲಿಗೂ 21 ವೋಲ್ಟಿನ ಡ್ರಿಲ್ಲಿಗೂ ಅದೇ ಗಾತ್ರದ ಪಿನ್. ಬದಲಾಗುವುದು ಹಿಂದಿನ ಚೀಟಿಯಲ್ಲಿರುವ ಸಣ್ಣ ಅಕ್ಷರದ ಅಂಕಿ ಮಾತ್ರ: ಒಂದರಲ್ಲಿ 12.6, ಇನ್ನೊಂದರಲ್ಲಿ 21.

ಆ ಅಂಕಿ ಬಂದದ್ದು ಪ್ಯಾಕಿನ ಒಳಗಿನ ಸೆಲ್‌ಗಳ ಲೆಕ್ಕದಿಂದ. ಒಂದು ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಫುಲ್ ಆದಾಗ 4.2 ವೋಲ್ಟ್ ಇರುತ್ತದೆ. ಮೂರು ಸೆಲ್ ಸಾಲಾಗಿ ಇದ್ದರೆ 12.6, ಐದು ಇದ್ದರೆ 21. ಕಂಪನಿ ಡ್ರಿಲ್‌ಗಳ ಮೇಲೆ 18 ವೋಲ್ಟ್ ಅಂತ ಬರೆದಿರುತ್ತದಲ್ಲ, ಅದೂ ಐದೇ ಸೆಲ್. ಒಬ್ಬರು ನಡುವಿನ ವೋಲ್ಟೇಜ್ ಬರೆಯುತ್ತಾರೆ, ಇನ್ನೊಬ್ಬರು ಫುಲ್ ಆದಾಗಿನದನ್ನು ಬರೆಯುತ್ತಾರೆ. ಅಗ್ಗದ ಕೆಲವು ಪ್ಯಾಕ್‌ಗಳ ಮೇಲೆ 48 ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಬಿಚ್ಚಿ ನೋಡಿದರೆ ಅಲ್ಲೂ ಐದೇ ಸೆಲ್! ಪ್ಯಾಕಿನ ಮೇಲಿನ ಅಂಕಿ ನೋಡಿ ಚಾರ್ಜರ್ ಹುಡುಕಬೇಡಿ ಅನ್ನುವುದು ಇದಕ್ಕೇ.

ಈಗ ಒಬ್ಬ ಗ್ರಾಹಕರ ಪ್ರಸಂಗ. 21 ವೋಲ್ಟಿನ ಪ್ಯಾಕ್ ಒಯ್ದಿದ್ದರು, ಸೈಟಿನಲ್ಲಿ ಹುಡುಗರು ಅದಕ್ಕೆ 12.6ರ ಅಡಾಪ್ಟರ್ ಚುಚ್ಚಿದರು. ಚುಚ್ಚಿದ ತಕ್ಷಣ ಹಸಿರು ದೀಪ. "ಅರೆ, ಫುಲ್ ಇದೆ" ಅಂತ ಮೂರನೇ ಮಹಡಿಗೆ ಒಯ್ದರು. ಎರಡು ತೂತು ಹೊಡೆಯುವಷ್ಟರಲ್ಲಿ ಡ್ರಿಲ್ ನಿಂತಿತು. ಬ್ಯಾಟರಿ ಕೆಟ್ಟಿದೆ ಅಂತ ವಾಪಸ್ ತಂದರು. ಪ್ಯಾಕ್ ಸರಿಯಾಗೇ ಇತ್ತು. ಆ ಹಸಿರು ದೀಪಕ್ಕೆ ಬ್ಯಾಟರಿ ತುಂಬಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಕರೆಂಟ್ ಹರಿಯುತ್ತಿಲ್ಲ ಅನ್ನುವುದಷ್ಟೇ ಅದಕ್ಕೆ ಗೊತ್ತು. ಪ್ಯಾಕ್ ಖಾಲಿ ಆಗುತ್ತಾ ಬಂದರೂ ಅದರ ವೋಲ್ಟೇಜ್ 15ರ ಮೇಲೆಯೇ ಇರುತ್ತದೆ. 12.6ರ ಅಡಾಪ್ಟರಿನಿಂದ ಅದರೊಳಕ್ಕೆ ಏನೂ ಹೋಗುವುದಿಲ್ಲ. ಹಾಗಾಗಿ ಹಸಿರು.

ಇದರಲ್ಲಿ ಹೋದದ್ದು ಅರ್ಧ ದಿನದ ಕೆಲಸ ಮಾತ್ರ. ಉಲ್ಟಾ ಆದರೆ ಕಥೆ ಬೇರೆ. ಮೂರು ಸೆಲ್‌ನ ಪ್ಯಾಕಿಗೆ 21ರ ಅಡಾಪ್ಟರ್ ಹಾಕಿದರೆ ಕೆಂಪು ದೀಪ ಬರುತ್ತದೆ, ಚಾರ್ಜ್ ಆಗುತ್ತಿರುವಂತೆ ಕಾಣುತ್ತದೆ. ಆದರೆ ಆ ಅಡಾಪ್ಟರ್ 12.6ಕ್ಕೆ ನಿಲ್ಲುವುದಿಲ್ಲ, ಅದರ ಗುರಿ 21. ಸೆಲ್ ಒಂದಕ್ಕೆ 4.2 ಇರಬೇಕಾದ ಕಡೆ 7 ವೋಲ್ಟ್ ತನಕ ತಳ್ಳಲು ನೋಡುತ್ತದೆ. ತಡೆಯಬೇಕಾದದ್ದು ಪ್ಯಾಕಿನೊಳಗಿನ ಸಣ್ಣ ಬೋರ್ಡ್. ಒಳ್ಳೆಯ ಬೋರ್ಡ್ ಆದರೆ ಸೆಲ್ 4.25–4.3 ಮುಟ್ಟಿದಾಗ ಕಟ್ ಮಾಡುತ್ತದೆ. ಆದರೆ ಅದು ಇರುವುದು ಅಪರೂಪದ ತೊಂದರೆಗೆ, ದಿನಾ ಚಾರ್ಜ್ ನಿಲ್ಲಿಸುವ ಕೆಲಸಕ್ಕಲ್ಲ. ಕಳಪೆ ಪ್ಯಾಕಿನಲ್ಲಿ ಆ ಬೋರ್ಡ್ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಮಿತಿ ಮೀರಿದ ಸೆಲ್‌ನಲ್ಲಿ ಲಿಥಿಯಂ ಒಳಗೆ ಸೇರಿಕೊಳ್ಳದೆ ಮೇಲೆಯೇ ಲೋಹದ ಪದರವಾಗಿ ಕೂರುತ್ತದೆ, ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ, ಬಿಸಿ ಏರುತ್ತದೆ. ಡ್ರೋನಿನ ಚಪ್ಪಟೆ ಸೆಲ್ ಆದರೆ ಉಬ್ಬಿ ಸೂಚನೆ ಕೊಡುತ್ತದೆ. ಡ್ರಿಲ್ಲಿನ ದುಂಡು ಸೆಲ್ ಉಕ್ಕಿನ ಡಬ್ಬಿಯೊಳಗೆ ಇರುವುದರಿಂದ ಉಬ್ಬು ಕಾಣುವುದಿಲ್ಲ. ನೇರವಾಗಿ ವಾಲ್ವ್ ಬಿಚ್ಚಿಕೊಂಡು ಹೊಗೆ ಬರಬಹುದು, ಬೆಂಕಿಯೂ ಹತ್ತಬಹುದು. ಆದ್ದರಿಂದ ಡ್ರಿಲ್ ಪ್ಯಾಕ್ ಚಾರ್ಜಿನಲ್ಲಿ ಕೈ ಇಡಲಾಗದಷ್ಟು ಬಿಸಿಯಾದರೆ, ಸಿಹಿಸಿಹಿಯಾದ ಪೇಂಟ್ ಥಿನ್ನರಿನಂಥ ವಾಸನೆ ಬಂದರೆ, ಗೋಡೆಯ ಸ್ವಿಚ್ ಆಫ್ ಮಾಡಿ ದೂರ ನಿಲ್ಲಿ, ಆಮೇಲೆ ನಮಗೆ ಫೋನ್ ಮಾಡಿ.

ಕ್ಯಾಮೆರಾದವರಿಗೆ ಒಂದು ಮಾತು. ನಿಮ್ಮ ಪ್ಯಾಕ್‌ಗಳಲ್ಲಿ ಹೆಚ್ಚಿನವು ಎರಡು ಸೆಲ್‌ನವು, ಫುಲ್ ಆದರೆ 8.4 ವೋಲ್ಟ್. ಪ್ಲಸ್, ಮೈನಸ್ ಬಿಟ್ಟು ಇನ್ನೂ ಒಂದೋ ಎರಡೋ ಚಿನ್ನದ ಬಣ್ಣದ ಪಟ್ಟಿ ಇರುತ್ತವೆ. ಅದರಲ್ಲಿ ಒಂದರ ಮೂಲಕ ಚಾರ್ಜರ್ ಪ್ಯಾಕಿನ ಬಿಸಿ ಎಷ್ಟಿದೆ ಅಂತ ತಿಳಿದುಕೊಳ್ಳುತ್ತದೆ. ಜಾಸ್ತಿ ಬಿಸಿ ಇದ್ದರೆ ನಿಲ್ಲಿಸುತ್ತದೆ. ಕೆಲವು ಅಗ್ಗದ ಪ್ಯಾಕ್‌ಗಳಲ್ಲಿ ಬಿಸಿ ಅಳೆಯುವ ಭಾಗವನ್ನೇ ಹಾಕಿರುವುದಿಲ್ಲ, ಅದರ ಜಾಗದಲ್ಲಿ ಒಂದು ಮಾಮೂಲಿ ರೆಸಿಸ್ಟರ್ ಕೂರಿಸಿರುತ್ತಾರೆ. ಆಗ ಪ್ಯಾಕ್ ಸುಡುತ್ತಿದ್ದರೂ ಚಾರ್ಜರಿಗೆ ಅದು ತಣ್ಣಗೇ ಇದ್ದಂತೆ ಕಾಣುತ್ತದೆ. ಅಗ್ಗದ ಯುಎಸ್‌ಬಿ ಚಾರ್ಜರ್‌ಗಳಲ್ಲಿ ಇದರ ಉಲ್ಟಾ: ಪ್ಯಾಕಿನಲ್ಲಿ ಪಟ್ಟಿ ಇದ್ದರೂ ಚಾರ್ಜರ್ ಕಡೆ ಅದಕ್ಕೆ ಪಿನ್ನೇ ಇರುವುದಿಲ್ಲ. ಮದುವೆ ಸೀಸನ್‌ನಲ್ಲಿ ಲೈಟಿನಿಂದ ತೆಗೆದ ಬಿಸಿ ಪ್ಯಾಕನ್ನು ಹಾಗೇ ಚಾರ್ಜರಿಗೆ ಹಾಕುವವರು ಇದನ್ನು ನೆನಪಿಡಿ. ಬಾಡಿಗೆ ಪ್ಯಾಕ್ ನಮ್ಮದೇ ಇರಲಿ, ಚಾರ್ಜರೂ ನಮ್ಮದೇ ಇರಲಿ.

ಇನ್ನು ಡ್ರೋನ್. ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಲು ನಮ್ಮಿಂದ ಡ್ರೋನ್ ಒಯ್ಯುವ ರೈತರಿಗೂ ಪೈಲಟ್‌ಗಳಿಗೂ ಈ ಭಾಗ ಮುಖ್ಯ.

ಈ ಡ್ರೋನಿನಲ್ಲಿ ಆರು ಸೆಲ್‌ನ ಎರಡು ಪ್ಯಾಕ್ ಇರುತ್ತವೆ. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ ಹನ್ನೆರಡು ಸೆಲ್ ಮಾಡಿರುತ್ತದೆ. "ಈ ಪೆಟ್ಟಿಗೆಯ ಒಂದು ಚಾರ್ಜ್ ಆಗಿದೆ, ಆ ಪೆಟ್ಟಿಗೆಯ ಒಂದು ಚಾರ್ಜ್ ಆಗಿದೆ, ಎರಡನ್ನೂ ಹಾಕಿ ಹಾರಿಸೋಣ" ಅನ್ನುವುದು ಹೊಲದಲ್ಲಿ ಸಹಜ. ಜೋಡೆತ್ತಿನಲ್ಲಿ ಒಂದು ಬಡಕಲಾದರೆ ನೊಗ ಎಲ್ಲಿ ವಾಲುತ್ತದೆ ಅಂತ ನಿಮಗೆ ಗೊತ್ತು. ವ್ಯತ್ಯಾಸ ಏನೆಂದರೆ, ವಾಲುವುದು ಡ್ರೋನಿನಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಹೊಸ ಪ್ಯಾಕ್ 22 ಆಂಪಿಯರ್ ಅವರ್ ಹಿಡಿಯುತ್ತದೆ. ಹಳೆಯದು ಸವೆದು 17 ಹಿಡಿಯುತ್ತದೆ ಅಂದುಕೊಳ್ಳಿ. ಎರಡೂ ಫುಲ್. ಸೀರೀಸ್ ಆದ್ದರಿಂದ ಎರಡರಿಂದಲೂ ಒಂದೇ ಸಮ ಕರೆಂಟ್ ಹೋಗುತ್ತದೆ. 15 ಖರ್ಚಾದಾಗ ಹೊಸದರಲ್ಲಿ 7 ಉಳಿದಿದೆ, ಹಳೆಯದರಲ್ಲಿ 2 ಮಾತ್ರ. ಹಾರಾಟದ ಹೊರೆಯಲ್ಲಿ ಹೊಸ ಪ್ಯಾಕಿನ ಸೆಲ್ ಸುಮಾರು 3.7 ವೋಲ್ಟ್, ಹಳೆಯದರ ಸೆಲ್ ಸುಮಾರು 3.3. ಒಟ್ಟು 22.2 ಮತ್ತು 19.8, ಅಂದರೆ 42. ಡ್ರೋನಿಗೆ ಕಾಣುವುದು ಈ 42 ಮಾತ್ರ. ಹನ್ನೆರಡರಿಂದ ಭಾಗಿಸಿದರೆ ಸೆಲ್ ಒಂದಕ್ಕೆ 3.5 ಬರುತ್ತದೆ. ಪೈಲಟ್ 42ಕ್ಕೆ ಅಲಾರಂ ಇಟ್ಟಿದ್ದರೆ ಅದು ಈಗಷ್ಟೇ ಕೂಗುತ್ತದೆ. "ಇನ್ನೊಂದು ಸಾಲು ಮುಗಿಸಿ ಬರ್ತೀನಿ" ಅಂತ ಅವರು ಮುಂದೆ ಹೋಗುತ್ತಾರೆ. ಆದರೆ 3.3ರ ಕೆಳಗೆ ಸೆಲ್ ನಿಧಾನವಾಗಿ ಇಳಿಯುವುದಿಲ್ಲ, ಧಡಕ್ಕನೆ ಬೀಳುತ್ತದೆ. ಹಳೆಯ ಪ್ಯಾಕ್ 3ರ ಕೆಳಗೆ ಹೋಗುತ್ತದೆ. ಡ್ರೋನ್ ಬೀಳದೆ ಬಂದರೂ ಆ ಪ್ಯಾಕ್ ಇನ್ನಷ್ಟು ಸವೆದಿರುತ್ತದೆ, ಮುಂದಿನ ಸಲ ಇನ್ನೂ ಬೇಗ ಕುಸಿಯುತ್ತದೆ.

ಇಂಥದ್ದನ್ನು ಹಿಡಿಯುವುದು ಕಷ್ಟವಲ್ಲ. ಇಳಿದ ಮೇಲೆ ಎರಡು ಪ್ಯಾಕಿನ ಬ್ಯಾಲೆನ್ಸ್ ಪ್ಲಗ್‌ಗೆ ಸೆಲ್ ಚೆಕರ್ ಚುಚ್ಚಿ ನೋಡಿ. ಪೆಟ್ಟಿಗೆಯಲ್ಲಿ ಅದನ್ನು ಇಟ್ಟಿದ್ದೇವೆ. ಒಂದು ಪ್ಯಾಕ್ ಇನ್ನೊಂದಕ್ಕಿಂತ ಸೆಲ್‌ಗೆ 0.1 ವೋಲ್ಟಿಗಿಂತ ಜಾಸ್ತಿ ಕೆಳಗಿದ್ದರೆ, ಆ ಜೋಡಿಯನ್ನು ಮತ್ತೆ ಹಾರಿಸದೆ ನಮಗೆ ತಿಳಿಸಿ. ಬೇರೆ ಜೋಡಿ ಕೊಡುತ್ತೇವೆ, ಅದಕ್ಕೆ ಹೆಚ್ಚಿನ ಬಾಡಿಗೆ ಇಲ್ಲ.

ಡ್ರೋನ್ ಚಾರ್ಜರಿನ ಮೆನು ಮುಟ್ಟಬೇಡಿ. ಅದರಲ್ಲಿ ಸಾಮಾನ್ಯ ಲಿಪೊ ಒಂದು, ಹೈ ವೋಲ್ಟೇಜ್ ಲಿಪೊ ಇನ್ನೊಂದು ಅಂತ ಎರಡು ಆಯ್ಕೆ ಇರುತ್ತವೆ. ಮೊದಲನೆಯದು ಸೆಲ್‌ಗೆ 4.2ಕ್ಕೆ ನಿಲ್ಲಿಸಿದರೆ, ಎರಡನೆಯದು 4.35ರವರೆಗೆ ಒಯ್ಯುತ್ತದೆ. ಫೋಟೊ ತೆಗೆಯುವ ಚಿಕ್ಕ ಡ್ರೋನ್‌ಗಳಲ್ಲಿ ಅನೇಕವು ಈ ಎರಡನೇ ಬಗೆಯವು, ನಮ್ಮ ಸ್ಪ್ರೇ ಪ್ಯಾಕ್‌ಗಳು ಮೊದಲನೆಯವು. ಆರು ಸೆಲ್‌ಗೆ ಒಟ್ಟು 0.9 ವೋಲ್ಟಷ್ಟೇ ವ್ಯತ್ಯಾಸ ಅಂತ ಅನ್ನಿಸಬಹುದು. ಪ್ಯಾಕ್ ಉಬ್ಬಲು ಅಷ್ಟು ಸಾಕು.

ತೀರಾ ಖಾಲಿಯಾದ ಪ್ಯಾಕನ್ನು ಸರಿಯಾದ ಚಾರ್ಜರ್ ಒಪ್ಪುವುದಿಲ್ಲ, ಎರರ್ ತೋರಿಸುತ್ತದೆ. ಆಗ ಇನ್ನೊಂದು ಪ್ಯಾಕಿನಿಂದ ವೈರ್ ಕೊಟ್ಟು "ಎಬ್ಬಿಸುವ" ಉಪಾಯ ಊರಲ್ಲೆಲ್ಲ ಓಡಾಡುತ್ತಿದೆ. ದಯವಿಟ್ಟು ಬೇಡ. ಅಷ್ಟು ಕೆಳಗೆ ಇಳಿದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗುತ್ತದೆ. ಅದು ಆ ದಿನವೇ ಆಗಬೇಕಂತಿಲ್ಲ. ಜೊತೆಗೆ, ತುಂಬಿದ ಪ್ಯಾಕನ್ನು ಖಾಲಿ ಪ್ಯಾಕಿಗೆ ನೇರ ಜೋಡಿಸಿದರೆ ನಡುವೆ ಕರೆಂಟ್ ಹಿಡಿದಿಡುವುದು ಏನೂ ಇರುವುದಿಲ್ಲ. ಸ್ಪ್ರೇ ಪ್ಯಾಕ್‌ಗಳಲ್ಲಿ 3 ವೋಲ್ಟ್ ವ್ಯತ್ಯಾಸಕ್ಕೇ ನೂರು ಆಂಪಿಯರ್ ಹತ್ತಿರ ಹರಿಯಬಹುದು.

ದೊಡ್ಡ ಕಟ್ಟರ್ ಒಯ್ಯುವವರದು ಸ್ವಲ್ಪ ಹಗುರ. 18 ವೋಲ್ಟಿನ ಎರಡು ಪ್ಯಾಕ್ ಹಾಕುವ ಮಷಿನ್‌ಗಳು, ಎರಡರಲ್ಲಿ ಒಂದು ಖಾಲಿಯಾದರೂ ತಾವೇ ನಿಲ್ಲುತ್ತವೆ. 5ರ ಜೊತೆ 2 ಆಂಪಿಯರ್ ಅವರ್ ಪ್ಯಾಕ್ ಹಾಕಿದರೆ ನಿಮಗೆ ಸಿಗುವುದು 2ರ ಕೆಲಸವೇ. ಅದಕ್ಕೇ ಅಲ್ಲೂ ಜೋಡಿಯಾಗೇ ಕೊಡುತ್ತೇವೆ.

ಒಂದು ಹಳೆಯ ನಿಯಮ ತೆಗೆಯುತ್ತಿದ್ದೇವೆ, ಇದು ನಿಮಗೆ ಖುಷಿಯಾಗಬಹುದು. ಪ್ಯಾಕ್ ಫುಲ್ ಚಾರ್ಜ್ ಮಾಡಿ ವಾಪಸ್ ತರಬೇಕಾಗಿಲ್ಲ. ಕೆಲಸ ಮುಗಿದಾಗ ಹೇಗಿದೆಯೋ ಹಾಗೇ ತನ್ನಿ. ಲಿಥಿಯಂ ಪ್ಯಾಕ್ ಫುಲ್ ಆಗಿ ಕಪಾಟಿನಲ್ಲಿ ಕೂತರೆ, ಅದರಲ್ಲೂ ಬೇಸಿಗೆಯಲ್ಲಿ, ಬೇಗ ಸವೆಯುತ್ತದೆ. ನಾವು ಅರ್ಧದ ಆಸುಪಾಸಿಗೆ, ಸೆಲ್‌ಗೆ ಸುಮಾರು 3.8ಕ್ಕೆ ತಂದು ಇಟ್ಟಿರುತ್ತೇವೆ. ನೀವು ಒಯ್ಯುವ ದಿನ ಬೆಳಿಗ್ಗೆ ಫುಲ್ ಮಾಡಿ ಕೊಡುತ್ತೇವೆ. ಆದ್ದರಿಂದ ಬುಕಿಂಗ್ ಹಿಂದಿನ ದಿನ ಸಂಜೆಯೊಳಗೆ ಹೇಳಿದರೆ ಒಳ್ಳೆಯದು.

ಚಾರ್ಜ್ ಮಾಡುವಾಗ ನೆಲದ ಮೇಲೆ, ಕಲ್ಲು ಅಥವಾ ಟೈಲ್ಸ್ ಮೇಲೆ ಇಡಿ. ಹಾಸಿಗೆ, ಗೋಣಿಚೀಲ, ಕಾರಿನ ಸೀಟು ಬೇಡ. ಹಾರಿಸಿ ಇಳಿಸಿದ ಪ್ಯಾಕ್ ಕೈಗೆ ಬೆಚ್ಚಗಿದ್ದರೂ ನೆರಳಲ್ಲಿ ಆರಲು ಬಿಡಿ, ಆಮೇಲೆ ಚಾರ್ಜಿಗೆ ಹಾಕಿ.

ಬಾಡಿಗೆ ದರ ಬದಲಾಗಿಲ್ಲ. ಪೆಟ್ಟಿಗೆ ವಾಪಸ್ ಬಂದಾಗ ನಿಮ್ಮ ಎದುರೇ ನಂಬರ್ ತಾಳೆ ನೋಡುತ್ತೇವೆ. ಚಾರ್ಜರ್ ಅದಲುಬದಲಾಗಿದ್ದರೆ ಸರಿಯಾದದ್ದು ಬರುವವರೆಗೆ ಠೇವಣಿ ನಮ್ಮಲ್ಲೇ ಇರುತ್ತದೆ. ನಮ್ಮ ಹಳೆಯ ಬಿಡಿ ಅಡಾಪ್ಟರ್‌ಗಳು ನಿಮ್ಮ ಮನೆ, ಸೈಟು, ಸ್ಟುಡಿಯೋದಲ್ಲಿ ಉಳಿದಿದ್ದರೆ ಜೂನ್ 1ರೊಳಗೆ ತಂದುಕೊಡಿ, ಏನೂ ಕೇಳುವುದಿಲ್ಲ. ಉಬ್ಬಿದ ಪ್ಯಾಕ್ ಇದ್ದರೆ ಮಾತ್ರ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರಬೇಡಿ. ಮನೆಯ ಹೊರಗೆ ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಫೋನ್ ಮಾಡಿ, ನಮ್ಮ ಹುಡುಗ ಬಂದು ಒಯ್ಯುತ್ತಾನೆ.

ಇಂತಿ,
ಬಾಡಿಗೆ ವಿಭಾಗ