ಸೀನನಿಗೆ: ಫೋಟೋ ಹೋಯ್ತು, ಕಲ್ಲು ಹೀಗಿತ್ತು

ಹಾಸನ

ಪ್ರೀತಿಯ ಸೀನ,

ಜಾವಗಲ್ ಕಡೆಯ ಆ ಶಾಸನದ ಫೋಟೋ ಕಳಿಸ್ತೀನಿ ಅಂದಿದ್ದೆ. ಇನ್ನು ಕಳಿಸೋಕಾಗಲ್ಲ ಕಣೋ. ಫೋನಿನ ಪರದೆ ಹೋಯ್ತು ಅಂತ ರಿಪೇರಿಗೆ ಕೊಟ್ಟಿದ್ದೆ. ಅಂಗಡಿಯವನು ಪರದೆಯ ಜೊತೆಗೆ ಒಳಗಿದ್ದದ್ದನ್ನೆಲ್ಲ ತೊಳೆದು ಕೊಟ್ಟ. ಮತ್ತೆ ಹೋಗಿ ತೆಗೆಯೋಣ ಅಂದರೆ ಗುಡಿಯ ಮುಂದೆ ನೆಲಹಾಸು ನಡೀತಾ ಇದೆ. ಕಲ್ಲನ್ನು ಮುಖ ಕೆಳಗಾಗಿ ಮರಳ ಮೇಲೆ ಮಲಗಿಸಿದ್ದಾರೆ. ಕೆಲಸ ಮುಗಿಯೋವರೆಗೂ ಎತ್ತಲ್ಲವಂತೆ.

ಉಳಿದಿರೋದು ಆ ಸಂಜೆ ಕೂತು ಪುಸ್ತಕದಲ್ಲಿ ಗೀಚಿದ ನಾಲ್ಕು ಪುಟ. ಹೋದ ವಾರ ಫೋನಿನಲ್ಲಿ ‘ವಿಕ್ರಮ ಸಂವತ್ಸರ ಅಂತ ಓದಿದೆ’ ಅಂದಾಗ ನೀನು ಬೈದೆಯಲ್ಲ, ‘ನೀನು ಓದಿದ್ದು ಬೇಡ, ಕಂಡಿದ್ದು ಹೇಳು’ ಅಂತ. ಸರಿ, ಕಂಡಿದ್ದನ್ನೇ ಬರೀತೀನಿ. ಊಹೆ ಮಾಡಿದ ಕಡೆ ಊಹೆ ಅಂತಲೇ ಹೇಳ್ತೀನಿ.

ಬಳಪದ ಕಲ್ಲು. ನೆಲದಿಂದ ನನ್ನ ಎದೆಮಟ್ಟ, ಅಗಲ ಎರಡೂವರೆ ಗೇಣು. ಮೇಲ್ಗಡೆ ಸೂರ್ಯ, ಚಂದ್ರ. ಅವುಗಳ ಕೆಳಗೆ ನಡುವೆ ಲಿಂಗ, ಒಂದು ಬದಿಗೆ ಕೈಮುಗಿದವನು, ಇನ್ನೊಂದು ಬದಿಗೆ ಹಸು ಕರು. ಅಲ್ಲಿಗೆ ಶಿವಾಲಯಕ್ಕೆ ಬಿಟ್ಟ ದತ್ತಿ ಅನ್ನೋದರಲ್ಲಿ ಅನುಮಾನ ಇಲ್ಲ. ಚಿತ್ರದ ಕೆಳಗೆ 22 ಸಾಲು ಎಣಿಸಿದೆ. ಮಣ್ಣಿನೊಳಗೆ ಇನ್ನೂ ಇತ್ತು. ಪ್ರತಿ ಸಾಲಿಗೂ ತೆಳುವಾಗಿ ಗೆರೆ ಎಳೆದುಕೊಂಡು ಅದಕ್ಕೆ ಅಕ್ಷರಗಳನ್ನು ನೇತುಹಾಕಿದ್ದಾನೆ. ಒಂದು ಅಕ್ಷರಕ್ಕೆ ಹೆಚ್ಚುಕಮ್ಮಿ ಒಂದು ಬೆರಳಗಲ. ಅಕ್ಷರ ಗುಂಡು ಗುಂಡಾಗಿವೆ, ತಲೆಕಟ್ಟು ದಪ್ಪ. ಹಲ್ಮಿಡಿಯ ಅಕ್ಷರ ನೋಡಿದಾಗ ಆದಂಥ ಗಾಬರಿ ಇಲ್ಲಿ ಆಗಲಿಲ್ಲ. ಅರ್ಧಕ್ಕರ್ಧ ಅಕ್ಷರ ನಮ್ಮ ಈಗಿನವೇ ಅನ್ನಿಸ್ತವೆ. ಮೋಸ ಹೋಗೋದೂ ಅಲ್ಲೇ ಅನ್ನು.

ಈಗ ಗಾಯಗಳು. ಎಡ ಅಂಚು ಗಟ್ಟಿಯಾಗಿದೆ. ಬಲ ಅಂಚು 9ನೇ ಸಾಲಿನಿಂದ 12ರವರೆಗೆ ಚಕ್ಕೆ ಎದ್ದು ಹೋಗಿದೆ. ಅಲ್ಲಿ ಸಾಲಿಗೆ ಎರಡು ಮೂರು ಅಕ್ಷರ ನಷ್ಟ. ಚಿತ್ರದ ಭಾಗಕ್ಕೆ ಎಣ್ಣೆ ಕುಂಕುಮ ಹತ್ತಿ ಕಪ್ಪಗೆ ಗಟ್ಟಿಯಾಗಿದೆ, ಆದರೆ ಅದು ಬರಹಕ್ಕೆ ಇಳಿದಿಲ್ಲ. ಕೆಟ್ಟದ್ದು ಅಂದರೆ 8ನೇ ಸಾಲಿನ ನಡುವೆ ಇರುವ ದೋಣಿಯಂಥ ಗುಳಿ. ಯಾವ ಕಾಲದಲ್ಲೋ ಮಚ್ಚು ಮಸೆದಿದ್ದಾರೆ. ಬಳಪದ ಕಲ್ಲು ಮೆತ್ತಗೆ ಅಲ್ವಾ, ಚೆನ್ನಾಗಿ ಸವೆದಿದೆ. ರಾಜನ ಹೆಸರು ಇದ್ದ ಜಾಗವೇ ಅದು!

ಮೊದಲ ಎರಡು ಸಾಲಿಗೆ ನಿನ್ನ ಸಹಾಯ ಬೇಡ. ‘ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ, ತ್ರೈಲೋಕ್ಯ ನಗರಾರಂಭ ಮೂಲಸ್ತಂಭಾಯ ಶಂಭವೇ.’ ಪ್ರತಿ ಶೈವ ಶಾಸನದ ಬಾಗಿಲಲ್ಲೂ ಇರುವ ಶ್ಲೋಕ ಅಂತ ಹಿಂದೆಲ್ಲ ಹಾರಿಸಿಬಿಡ್ತಿದ್ದೆ. ಈ ಸಲ ಅದನ್ನೇ ಜಾಸ್ತಿ ಹೊತ್ತು ನೋಡಿದೆ. ಅಲ್ಲಿ ಏನು ಬರೆದಿದೆ ಅಂತ ನಮಗೆ ಮೊದಲೇ ಗೊತ್ತು. ಹಾಗಾಗಿ ಈ ಕಲ್ಲುಕುಟಿಗನ ಕೈ ಹೇಗೆ ಅಂತ ತಿಳಿಯೋಕೆ ಅದೇ ಕಾಗುಣಿತ. ‘ನಮ’ದಲ್ಲಿ ಅವನ ಮ ಸಿಕ್ಕಿತು. ‘ತ್ರೈಲೋಕ್ಯ’ದಲ್ಲಿ ತ. ‘ಚಾರವೇ’ಯಲ್ಲಿ ಚ ಮತ್ತು ವ ಹತ್ತಿರ ಹತ್ತಿರವೇ ಸಿಕ್ಕವು. ಎರಡೂ ಅಣ್ಣತಮ್ಮಂದಿರ ಹಾಗೆ ಇವೆ, ಚ ಅಕ್ಷರಕ್ಕೆ ಮಾತ್ರ ಎಡಗಡೆ ಒಂದು ಸಣ್ಣ ಮೂತಿ. ‘ಚಂದ್ರ’ದಲ್ಲಿ ಅವನ ರಾವೊತ್ತು ಸಿಕ್ಕಿತು. ಇವನ್ನೆಲ್ಲ ಒಂದು ಪುಟದಲ್ಲಿ ಸಾಲಾಗಿ ಬರೆದುಕೊಂಡಿದ್ದೇ ಈಗ ಕೈಹಿಡಿದಿರೋದು.

ನಿನ್ನ ಸಹಾಯ ಬೇಕಾಗಿರೋದು 9ನೇ ಸಾಲಿಗೆ, ಕಾಲ ಹೇಳುವ ಸಾಲು. ‘ಸಕವರ್ಷ’ ಅಂತ ಸ್ಪಷ್ಟವಾಗಿದೆ. ತಾಲವ್ಯ ಶ ಅಲ್ಲ, ದಂತ್ಯ ಸ. ರೇಫದ ನಂತರ ಒತ್ತಕ್ಷರ ಇದೆಯಾ ಅಂತ ಬರೆದುಕೊಂಡಿಲ್ಲ, ಅದು ನನ್ನ ತಪ್ಪು. ಆಮೇಲೆ ಅಂಕಿ ೧, ೧. ಮೂರನೆಯದರ ಜಾಗದಲ್ಲಿ ಕಡಲೆ ಗಾತ್ರದ ಚಕ್ಕೆ ಹಾರಿದೆ. ತಳದಲ್ಲಿ ಒಂದು ಸಣ್ಣ ಬಾಗು ಉಳಿದಿದೆ ಅಷ್ಟೇ. ನಾಲ್ಕನೆಯದು ೨. ಅಲ್ಲಿಂದ ಮುಂದೆ ‘ನೆಯ’, ಆಮೇಲೆ ವಿ, ಆಮೇಲೆ ಕ. ಆ ಕ ಕೆಳಗೆ ಏನೋ ಇಳಿದಿದೆ. ಅದರ ಮುಂದಿನ ಅಕ್ಷರದ ಮೇಲ್ಭಾಗ ಇಲ್ಲ, ಕೆಳಭಾಗ ಇದೆ. ಅಲ್ಲಿಗೆ ಸಾಲು ಒಡೆದು ಹೋಗಿದೆ.

ಸಂವತ್ಸರಗಳಲ್ಲಿ ‘ವಿಕ’ದಿಂದ ಶುರುವಾಗೋದು ಮೂರೇ: ವಿಕ್ರಮ, ವಿಕೃತಿ, ವಿಕಾರಿ. ವಿಕಾರಿಯ ಕಗೆ ಕೆಳಗೆ ಇಳಿಯೋ ಗೆರೆ ಬರೋದಿಲ್ಲ, ಅದನ್ನು ಬಿಟ್ಟೆ. ಆಮೇಲೆ ನೀನೇ ಕಲಿಸಿದ ಲೆಕ್ಕ ಹಾಕಿದೆ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯೋದು ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ವಿಕ್ರಮ 14ನೆಯದು, ವಿಕೃತಿ 24ನೆಯದು. ಕಲ್ಲಿನ ೧೧–೨ರಲ್ಲಿ ನಡುವಿನ ಮನೆಗೆ 4 ಹಾಕಿದರೆ 1142. ಅದಕ್ಕೆ 12 ಸೇರಿದರೆ 1154, ಭಾಗಿಸಿದರೆ ಉಳಿಯೋದು 14. 5 ಹಾಕಿದರೆ 1152, ಉಳಿಯೋದು 24. ಬೇರೆ ಯಾವ ಅಂಕಿ ಹಾಕಿದರೂ ಇವೆರಡು ಬರಲ್ಲ. ವಿಕಾರಿಯೂ ಬರಲ್ಲ, ಅದು 33ನೆಯದು, ಅದಕ್ಕೆ ಕೊನೆಯ ಅಂಕಿ 1 ಇರಬೇಕು. ಹಾಗಾಗಿ ಒಂದೋ ಕ್ರಿ.ಶ. 1220, ಇಲ್ಲ 1230. ಹಾರಿಹೋದ ಕಡಲೆಕಾಳಿನಷ್ಟು ಕಲ್ಲಿನಲ್ಲಿ ಹತ್ತು ವರ್ಷ ಹೋಗಿದೆ ನೋಡು.

ಈಗ ಆ ಕ ಕೆಳಗಿನ ಗೆರೆ. ಅಂದು ನಾನು ಅದನ್ನು ‘ಚಂದ್ರ’ದ ರಾವೊತ್ತಿನ ಜೊತೆ ಇಟ್ಟು ನೋಡಿದೆ. ‘ಚಂದ್ರ’ದಲ್ಲಿ ಗೆರೆ ಕೆಳಗಿಳಿದು, ಬಾಗಿ, ತುದಿ ತೆರೆದುಕೊಂಡೇ ನಿಲ್ಲುತ್ತೆ. ವಟ್ರುಸುಳಿಗೂ ಮಾದರಿ ಅದೇ ಕಲ್ಲಿನಲ್ಲಿದೆ. 8ನೇ ಸಾಲಿನ ಕೊನೆಗೆ ‘ಪೃಥ್ವೀರಾಜ್ಯಂ’ ಅಂತ ಇದೆಯಲ್ಲ, ಅಲ್ಲಿ ಪ ಕೆಳಗೆ ಇಳಿದ ಗೆರೆಯ ತುದಿ ಬಸವನಹುಳುವಿನ ಹಾಗೆ ಒಳಗೆ ಸುತ್ತಿಕೊಂಡಿದೆ. ನನ್ನ ಚಿತ್ರದಲ್ಲಿ 9ನೇ ಸಾಲಿನ ಗೆರೆಗೆ ಸುತ್ತು ಇಲ್ಲ. ಆದರೆ ಅದರ ತುದಿ ಒಂದು ಬಿರುಕಿಗೆ ತಾಗುತ್ತೆ. ಸುತ್ತು ಇದ್ದು ಬಿರುಕಿನಲ್ಲಿ ಹೋಗಿದೆಯೋ, ಇರಲೇ ಇಲ್ಲವೋ ಹೇಳಲಾರೆ. ಅದೂ ಅಲ್ಲದೆ ಈ ಕೆತ್ತುವವರು ಕ್ರ, ಕೃ, ಕ್ರು ಮೂರನ್ನೂ ಬೇಕಾದ ಹಾಗೆ ಬದಲಾಯಿಸ್ತಾರೆ ಅಂತ ನೀನೇ ಹೇಳಿದ್ದೆ. ಒತ್ತು ಒಂದನ್ನೇ ನಂಬೋ ಹಾಗಿಲ್ಲ.

ಹಾಗಾಗಿ ಮುಂದಿನ ಅಕ್ಷರ. ಅದು ಮ ಆಗಿದ್ದರೆ ವಿಕ್ರಮ, ತಿ ಆಗಿದ್ದರೆ ವಿಕೃತಿ. ಮೇಲ್ಭಾಗ ಇದ್ದಿದ್ದರೆ ಒಂದು ಕ್ಷಣದ ಕೆಲಸ. ತಿ ಆದರೆ ತಲೆ ಮೇಲೆ ಗುಡಿಸಿನ ಗುಂಡು ಇರಬೇಕು, ಮ ಆದರೆ ಬಲಕ್ಕೆ ಬಾಲ ಎದ್ದಿರಬೇಕು. ಎರಡೂ ಹೋಗಿವೆ. ತಳದಲ್ಲಿ ನಾನು ಬರೆದುಕೊಂಡಿರೋದು ಎರಡು ಹೊಟ್ಟೆ: ಎಡದ್ದು ದೊಡ್ಡದು, ಬಲದ್ದು ಚಿಕ್ಕದು, ನಡುವೆ ಒಂದು ಗೆರೆ ಮೇಲಕ್ಕೆ ಹೋಗಿ ಮುರಿದಿದೆ. ‘ನಮ’ದ ಮ ತಳವೂ ಹೀಗೇ ಇದೆ. ‘ತ್ರೈಲೋಕ್ಯ’ದ ತ ತಳ ಒಂದೇ ಗುಂಡು, ಅದರೊಳಗೆ ಒಂದು ಗೆರೆ ಸುರುಳಿ ಸುತ್ತಿ ಕೂತಿದೆ. ಈ ಲೆಕ್ಕದಲ್ಲಿ ಮ. ನಾನು ವಿಕ್ರಮ ಅಂದಿದ್ದು ಇದನ್ನು ನೋಡಿಯೇ, ಸುಮ್ನೆ ಅಲ್ಲ.

ಆದರೆ ರಾಜನ ಹೆಸರಿನ ಹತ್ತಿರ ತಲೆ ಕೆಡ್ತು. 8ನೇ ಸಾಲಿನಲ್ಲಿ ‘ಶ್ರೀವೀರ’ ಇದೆ, ಆಮೇಲೆ ಗುಳಿ, ಆಮೇಲೆ ‘ದೇವರು’. ವಿಕೃತಿ ಆದರೆ ನರಸಿಂಹ ಮಾತ್ರ ಸಾಧ್ಯ. ವಿಕ್ರಮ ಆದರೆ ಇಬ್ಬರೂ ಸಾಧ್ಯ. 1220ರಲ್ಲೇ ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲ ಮುಗಿದು ಮಗ ಇಮ್ಮಡಿ ನರಸಿಂಹ ಪಟ್ಟಕ್ಕೆ ಬಂದನಲ್ಲ. ಗುಳಿಯ ಅಗಲ ಸರಿಯಾಗಿ ನಾಲ್ಕು ಬೆರಳು. ‘ಬಲ್ಲಾಳ’ಕ್ಕೆ ಮೂರು ಅಕ್ಷರ, ಲ್ಲಾದ ಇಳಿ ಅಗಲ ತಗೊಳ್ಳೋದರಿಂದ ಮೂರೂವರೆ ಬೆರಳು ಅನ್ನು. ‘ನಾರಸಿಂಹ’ ಅಂತ ಬರೆದರೆ ಸೊನ್ನೆಗೂ ಜಾಗ ಬೇಕು, ಐದು ಬೆರಳಿಗೆ ಕಮ್ಮಿ ಆಗಲ್ಲ. ಅಗಲ ನೋಡಿದರೆ ಬಲ್ಲಾಳ.

ಹಾಗಿದ್ದರೆ ಲ್ಲಾದ ಲಾವೊತ್ತು ಸಾಲಿನ ಕೆಳಗೆ ನೇತಾಡಬೇಕಲ್ಲ? ಗುಳಿ ಮೇಲ್ಗಡೆ ಆಳ, ಕೆಳಗೆ ತೆಳು. ಒತ್ತಿನ ಜಾಗ ಸವೆದಿಲ್ಲ. ನನ್ನ ಚಿತ್ರದಲ್ಲಿ ಅಲ್ಲಿ ಏನೂ ಇಲ್ಲ. ಮೊನ್ನೆ ಇದನ್ನು ನೋಡಿ ‘ಹಾಗಾದರೆ ನರಸಿಂಹ’ ಅಂದುಕೊಂಡೆ. ಆಮೇಲೆ ಅನ್ನಿಸಿತು: ಅಲ್ಲಿ ಏನೂ ಇರಲಿಲ್ಲವೋ, ನಾನು ನೋಡಲಿಲ್ಲವೋ? ಆ ಹೊತ್ತಿಗೆ ಸೂರ್ಯ ಪೂರಾ ಇಳಿದಿದ್ದ. ಓರೆ ಬಿಸಿಲಿದ್ದಾಗ ಅಕ್ಷರ ಎದ್ದು ಕಾಣ್ತಿದ್ದವು, ಅದು ಹೋದ ಮೇಲೆ ಕಲ್ಲು ಬರೀ ಬೂದು. 8ನೇ ಸಾಲು ಬರೆದುಕೊಂಡಿದ್ದು ಕೊನೆಗೆ, 9ನೆಯದು ಮುಗಿದ ಮೇಲೆ. ಬೇರೆ ಕಡೆಯೆಲ್ಲ ಖಾಲಿ ಇದ್ದಲ್ಲಿ ‘ಖಾಲಿ’ ಅಂತ ಬರೆದಿದ್ದೀನಿ. ಇಲ್ಲಿ ಬರೆದಿಲ್ಲ. ಹಾಗಾಗಿ ಇದನ್ನು ನೀನು ‘ಒತ್ತು ಇಲ್ಲ’ ಅಂತ ಎಣಿಸಬೇಡ, ‘ನೋಡಿಲ್ಲ’ ಅಂತ ಎಣಿಸು.

ಮಾಸ, ಪಕ್ಷ, ವಾರ ಇದ್ದಿದ್ದರೆ ಪಂಚಾಂಗದ ಲೆಕ್ಕದಲ್ಲೇ ಇತ್ಯರ್ಥ ಆಗ್ತಿತ್ತು. ಅವು 10ನೇ ಸಾಲಿನಲ್ಲಿ ಇರಬೇಕು. ಅದರ ಶುರುವಿನಲ್ಲಿ ‘ರದ’ ಅಂತ ಇದೆ, ಸಂವತ್ಸರದ ಬಾಲ. ಆಮೇಲೆ ಕಲ್ಲುಹೂವು ಅಂಟಿ ಒಂದು ಗೇಣು ಮುಚ್ಚಿದೆ. ಉಗುರಿನಲ್ಲಿ ಕೆರೆಯೋಣ ಅನ್ನಿಸಿತು. ಕೈ ಕಟ್ಟಿಕೊಂಡೆ. ಅದರ ಜೊತೆ ಅಕ್ಷರವೂ ಬಂದುಬಿಟ್ಟರೆ? ಕೆಳಗಿನ ಸಾಲುಗಳಲ್ಲಿ ಗದ್ದೆ, ಸಲಗೆ, ಬೆದ್ದಲೆ, ಕೊಳಗ ಅಂತೆಲ್ಲ ಚೆನ್ನಾಗಿ ಓದೋಕೆ ಬರುತ್ತೆ. ‘ಗೞ್ದೆ’ ಅಲ್ಲ, ‘ಗದ್ದೆ’ ಅಂತಲೇ ಇದೆ. ಅದನ್ನು ಇನ್ನೊಂದು ಪತ್ರಕ್ಕೆ ಇಡ್ತೀನಿ.

ನಿನ್ನ ಹತ್ತಿರ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನದ ಸಂಪುಟ ಇದೆಯಲ್ಲ, ರೈಸ್ 1902ರಲ್ಲಿ ತಂದದ್ದು. ಅರಸೀಕೆರೆ ತಾಲ್ಲೂಕಿನ ಭಾಗದಲ್ಲಿ ಒಮ್ಮೆ ಹುಡುಕು. ಈ ಕಲ್ಲು ಅದರಲ್ಲಿದ್ದರೆ ನೂರು ವರ್ಷದ ಹಿಂದಿನ ಓದು ಸಿಕ್ಕ ಹಾಗೆ. ಆಗ ಚಕ್ಕೆ ಹಾರಿರದೆ ಇರಬಹುದು. ಆದರೆ ಮೊದಲು ನನ್ನ ಚಿತ್ರಗಳನ್ನು ನೋಡಿ ನಿನ್ನ ಅಭಿಪ್ರಾಯ ಒಂದು ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಸಂಪುಟ ತೆಗಿ ಮಾರಾಯ. ಅಚ್ಚಾದದ್ದನ್ನು ನೋಡಿದ ಮೇಲೆ ಕಲ್ಲಿನಲ್ಲೂ ಅದೇ ಕಾಣೋಕೆ ಶುರುವಾಗುತ್ತೆ. ನನಗೆ ಎರಡು ಸಲ ಹಾಗಾಗಿದೆ. ಚಿತ್ರದ ಪುಟಗಳನ್ನು ಅಂಚೆಯಲ್ಲಿ ಹಾಕಿದ್ದೀನಿ, ಮೂಲವನ್ನೇ. ಕಳೆಯಬೇಡ.

ಕಲ್ಲು ಎತ್ತುವ ದಿನ ಮಾವ ಫೋನ್ ಮಾಡ್ತೀನಿ ಅಂದಿದ್ದಾರೆ. ನಾಲ್ಕು ಆಳು ಬೇಕು, ಹಾಗಾಗಿ ಒಂದು ದಿನ ಮೊದಲೇ ತಿಳಿಯುತ್ತೆ. ಬೆಳಿಗ್ಗೆ ಏಳಕ್ಕೇ ಅಲ್ಲಿರ್ತೀನಿ, ನೀರು, ಮೆತ್ತಗಿನ ಬಟ್ಟೆ, ಟಾರ್ಚು ಹಿಡ್ಕೊಂಡು. ಮರಳಿನಲ್ಲಿ ಉಜ್ಜಿ ಆ ಮ ತಳವೂ ಹೋಗಿರದಿದ್ದರೆ ಸಾಕು. ಮೊದಲು 8ನೇ ಸಾಲಿನ ಗುಳಿಯ ಕೆಳಗೆ ಬೆಳಕು ಬಿಡಲೋ, 9ರ ಬಿರುಕಿಗೋ? ಪಡಿಯಚ್ಚು ತೆಗೆಯೋ ಕಾಗದ ಇದ್ದರೆ ನೀನೂ ಬಾ. ಜಾವಗಲ್ ಬಸ್ ಸ್ಟಾಂಡಿಗೆ ಬೈಕ್ ತರ್ತೀನಿ.

ನಿನ್ನ,
ರಾಘು