ಆ ದೀಪದ ಕೆಲಸ ಏನು?

ಅಕ್ಟೋಬರ್ ಬಂತು ಅಂದ್ರೆ ಸಂಘಕ್ಕೆ ಒಂದೇ ಬಗೆಯ ಕರೆಗಳು ಶುರು. ಮಗಳ ಪ್ರೈಮರಿ ಶಾಲೆಯ ಅಸೆಂಬ್ಲಿಯಲ್ಲಿ ಬೆಳಕಿನ ಹಬ್ಬಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಆಮೇಲೆ ಮಕ್ಕಳ ಕೈಲಿ ಏನಾದರೂ ಮಾಡಿಸಬೇಕು, ಏನು ಮಾಡಲಿ ಅಂತ. ಈ ಸಲದ ಸಂಪಾದಕೀಯ ಅವರಿಗೇ ಇರಲಿ.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಾನೂ ಹೀಗೆ ಹೋಗಿದ್ದೆ. ದೀಪಾವಳಿ, ಯೆಹೂದ್ಯರ ಹನುಕ್ಕಾ, ಇನ್ನೂ ಒಂದೆರಡು ಹಬ್ಬದ ಚಿತ್ರ ತೋರಿಸಿ, "ಎಲ್ಲದರ ಅರ್ಥ ಒಂದೇ, ಕತ್ತಲೆಯ ಮೇಲೆ ಬೆಳಕಿನ ಗೆಲುವು" ಅಂದುಬಿಟ್ಟೆ. ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. "ನಮ್ಮ ಮನೇಲಿ ಹಚ್ಚೋದು ಎಣ್ಣೆ ಮುಗಿಯಲಿಲ್ಲ ಅನ್ನೋದಕ್ಕೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೇಳಿದ್ದೇ ಸರಿ.

ಅವತ್ತಿನಿಂದ ನಾನು ಹಬ್ಬಗಳ ಅರ್ಥ ಹೋಲಿಸಲು ಹೋಗುವುದಿಲ್ಲ. ಆ ರಾತ್ರಿ ಆ ದೀಪ ಏನು ಕೆಲಸ ಮಾಡುತ್ತದೆ ಅಂತ ಮಾತ್ರ ಕೇಳುತ್ತೇನೆ. ಏಳು ವರ್ಷದ ಮಗುವೂ ಇದಕ್ಕೆ ಉತ್ತರ ಹುಡುಕಬಲ್ಲದು. ಮಾಡಿಸುವ ಕೈಕೆಲಸವೂ ಆ ಉತ್ತರದಿಂದಲೇ ಹುಟ್ಟುತ್ತದೆ.

ಹನುಕ್ಕಾದಿಂದ ಶುರು ಮಾಡೋಣ. ಕ್ರಿಸ್ತಪೂರ್ವ 164ರ ಸುಮಾರಿಗೆ ಯೆಹೂದ್ಯರು ಜೆರುಸಲೇಮಿನ ತಮ್ಮ ದೇವಾಲಯವನ್ನು ಮರಳಿ ಪಡೆದರು. ಅಲ್ಲಿ ಸಿಕ್ಕ ಒಂದು ದಿನದ ಎಣ್ಣೆ ಎಂಟು ದಿನ ಉರಿಯಿತು ಎಂಬುದು ಕಥೆ. ಅದಕ್ಕೇ ಎಂಟು ರಾತ್ರಿ, ದಿನಕ್ಕೊಂದು ದೀಪ ಜಾಸ್ತಿ. ಆದರೆ ದೀಪದ ಕಂಬದಲ್ಲಿ ಇರುವುದು ಒಂಬತ್ತು. ಯಾಕೆ? ಈ ಎಂಟು ದೀಪಗಳ ಬೆಳಕಿನಲ್ಲಿ ಓದುವಂತಿಲ್ಲ, ಕೆಲಸ ಮಾಡುವಂತಿಲ್ಲ. ಅವು ಇರುವುದು ನೋಡುವುದಕ್ಕೆ, ದಾರಿಹೋಕರಿಗೂ ತೋರಿಸುವುದಕ್ಕೆ. ಉಪಯೋಗಕ್ಕೆ ಬರುವ ಬೆಳಕು ಒಂಬತ್ತನೆಯದರದು. ಅದರ ಹೆಸರು ಶಮಾಶ್, ಅಂದರೆ ಸೇವಕ. ಉಳಿದವನ್ನು ಹಚ್ಚುವುದೂ ಅದೇ. ಗುರುತು ಸಿಗಲಿ ಅಂತ ಅದನ್ನು ಎತ್ತರದಲ್ಲಿ ಅಥವಾ ಪಕ್ಕಕ್ಕೆ ಇಡುತ್ತಾರೆ. ಉಳಿದ ಎಂಟೂ ಒಂದೇ ಮಟ್ಟದಲ್ಲಿ.

ಕೈಕೆಲಸ ತಪ್ಪುವುದು ಇಲ್ಲೇ. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಚಿತ್ರಗಳಲ್ಲಿ ಏಳೇ ಕೊಂಬೆ ಇರುತ್ತವೆ. ಅದು ಹಳೆಯ ದೇವಾಲಯದ ದೀಪಸ್ತಂಭ, ಹನುಕ್ಕಾದ್ದಲ್ಲ. ಪ್ರಿಂಟ್ ತೆಗೆಯುವ ಮುಂಚೆ ಎಣಿಸಿ. ಎರಡನೆಯ ತಪ್ಪು, ಮಕ್ಕಳು ಒಂಬತ್ತೂ ಜ್ವಾಲೆಗಳನ್ನು ಒಟ್ಟಿಗೆ ಅಂಟಿಸಿಬಿಡುತ್ತಾರೆ. ಅಲ್ಲಿಗೆ ಹಬ್ಬ ಮೊದಲ ದಿನವೇ ಮುಗಿಯಿತು! ದಪ್ಪ ಕಾಗದದ ಮೇಲೆ ಒಂಬತ್ತು ಮೇಣದ ಬತ್ತಿ ಅಂಟಿಸಿ, ಪ್ರತಿಯೊಂದರ ತುದಿಯಲ್ಲಿ ಒಂದು ಸೀಳು ಮಾಡಿಸಿ. ಜ್ವಾಲೆಗಳನ್ನು ಬೇರೆ ಲಕೋಟೆಯಲ್ಲಿ ಕೊಡಿ. ಮೊದಲ ರಾತ್ರಿ ಬಲ ತುದಿಯಲ್ಲಿ ಒಂದು, ಮಾರನೆಯ ರಾತ್ರಿ ಅದರ ಎಡಕ್ಕೆ ಇನ್ನೊಂದು. ಹಚ್ಚುವಾಗ ಮಾತ್ರ ಹೊಸದರಿಂದ ಶುರು ಮಾಡಿ ಬಲಕ್ಕೆ ಬರಬೇಕು. ಇದು ಕಂಬದ ಮುಂದೆ ನಿಂತವರ ಬಲ. ವೇದಿಕೆಯಲ್ಲಿ ಕಾರ್ಡನ್ನು ಸಭೆಯ ಕಡೆ ಹಿಡಿದ ಮಗುವಿಗೆ ಅದು ಎಡವಾಗುತ್ತದೆ. ನಾವು ಒಮ್ಮೆ ಗೊಂದಲವಾಗಿ ಉಲ್ಟಾ ಮಾಡಿದ್ದೇವೆ, ಆದ್ದರಿಂದ ಕಾರ್ಡಿನ ಹಿಂದೆ ಬಾಣ ಬರೆದಿಡಿ. ಎಂಟು ರಾತ್ರಿಗೆ ಒಟ್ಟು ಎಷ್ಟು ಬತ್ತಿ ಬೇಕು ಅಂತ ದೊಡ್ಡ ಮಕ್ಕಳನ್ನು ಕೇಳಿ. ಸೇವಕನಿಗೂ ದಿನಾ ಹೊಸದು ಬೇಕು ಅನ್ನುವುದನ್ನು ಮರೆತವರು 36 ಅನ್ನುತ್ತಾರೆ. ಸರಿಯುತ್ತರ 44.

ನಮ್ಮ ಹಣತೆಗೆ ಇಂಥ ಲೆಕ್ಕವಿಲ್ಲ. ಎಷ್ಟಾದರೂ ಇಡಬಹುದು, ಸಾಲಾಗಿ ಇಟ್ಟರೆ ಆಯಿತು. ಆವಳಿ ಅಂದರೇ ಸಾಲು ಅಲ್ವಾ. ಅದರ ಕೆಲಸ ಕರೆಯುವುದು. ಅಮಾವಾಸ್ಯೆಯ ರಾತ್ರಿ ಲಕ್ಷ್ಮಿಗೆ, ಮಾರನೆಯ ದಿನ ಬಲೀಂದ್ರನಿಗೆ ಬಾಗಿಲಲ್ಲಿ ದೀಪ. ಉತ್ತರದ ಕಡೆಯವರಿಗೆ ಅದು ಅಯೋಧ್ಯೆಗೆ ಮರಳಿದ ರಾಮನಿಗೆ. ಜೈನರಿಗೆ ಮಾತ್ರ ಯಾರನ್ನೂ ಕರೆಯುವ ದೀಪವಲ್ಲ, ಮಹಾವೀರನ ನಿರ್ವಾಣದ ನೆನಪು. ಇಷ್ಟು ಹೇಳಿ ಜೇಡಿಮಣ್ಣು ಕೈಗೆ ಕೊಡಿ. ಬೆರಳಿನಿಂದ ಅಂಚು ಚಿವುಟಿ ಮೂತಿ ಮಾಡುವುದು ಐದು ನಿಮಿಷದ ಕೆಲಸ. ಶಾಲೆಗಳಲ್ಲಿ ಸಾಮಾನ್ಯವಾಗಿ ಬೆಂಕಿಗೆ ಒಪ್ಪಿಗೆ ಇರುವುದಿಲ್ಲ, ಬ್ಯಾಟರಿ ದೀಪವೇ ಗತಿ. ತಾನಾಗಿ ಒಣಗುವ ಮಣ್ಣು ಒಣಗುತ್ತಾ ಕುಗ್ಗುತ್ತದೆ. ಹಸಿಯಿದ್ದಾಗ ಬ್ಯಾಟರಿ ದೀಪವನ್ನು ಒತ್ತಿ ಅಳತೆ ನೋಡಿದರೆ, ಎರಡು ದಿನದ ನಂತರ ಅದು ಒಳಗೆ ಹೋಗುವುದೇ ಇಲ್ಲ. ಸುತ್ತ ಚೂರು ಜಾಗ ಬಿಟ್ಟು ಮಾಡಿಸಿ. ಇನ್ನೊಂದು ಮುಖ್ಯ ಮಾತು. ಈ ದೀಪಗಳೊಳಗೆ ಗುಂಡಿ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಅದು ಅನ್ನನಾಳವನ್ನೇ ಸುಟ್ಟುಬಿಡುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇರುವಂಥದ್ದನ್ನೇ ತನ್ನಿ.

ನನಗೆ ತುಂಬ ಇಷ್ಟವಾದದ್ದು ಮಾತ್ರ ಬಂದಿ ಛೋಡ್ ದಿವಸ್. ಸಿಖ್ಖರು ಇದನ್ನು ಆಚರಿಸುವುದು ದೀಪಾವಳಿಯ ದಿನವೇ. ಆದರೆ ಕಥೆ ಪೂರ್ತಿ ಬೇರೆ. ಆರನೆಯ ಗುರು ಹರ್‌ಗೋಬಿಂದರು ಜಹಾಂಗೀರನ ಕಾಲದಲ್ಲಿ ಗ್ವಾಲಿಯರ್ ಕೋಟೆಯ ಸೆರೆಯಲ್ಲಿದ್ದರು. ಬಿಡುಗಡೆಯಾದಾಗ, ಜತೆಗಿರುವ 52 ರಾಜರನ್ನೂ ಬಿಟ್ಟರೇ ಹೋಗುವೆ ಅಂದರಂತೆ. ಗುರುವಿನ ನಿಲುವಂಗಿ ಹಿಡಿದುಕೊಂಡು ಹೊರಬರಬಲ್ಲವರಷ್ಟೇ ಬರಲಿ ಅಂತ ಬಾದಶಹ ಶರತ್ತು ಹಾಕಿದ. ಗುರು 52 ಗೊಂಡೆಗಳಿರುವ ನಿಲುವಂಗಿ ಹೊಲಿಸಿದರು. ಅಮೃತಸರದ ದೀಪ ಆ ಮರಳಿ ಬಂದ ಗುರುವಿಗೆ ಸ್ವಾಗತ.

ಇದನ್ನು ಹೇಳಬೇಡಿ, ಮಾಡಿಸಿ. ಒಂದು ಹಳೆಯ ಬೆಡ್‌ಶೀಟನ್ನು ನಿಲುವಂಗಿಯಂತೆ ಹ್ಯಾಂಗರಿಗೆ ಹಾಕಿ, ಹ್ಯಾಂಗರನ್ನು ದೊಡ್ಡವರೊಬ್ಬರು ಕೋಲಿನಲ್ಲಿ ಎತ್ತಿ ಹಿಡಿಯಲಿ. ಮಗುವಿಗೆ ಅದನ್ನು ತೊಡಿಸಬೇಡಿ. ಗುರುಗಳ ಪಾತ್ರವನ್ನು ಯಾರೂ ಹಾಕುವಂತಿಲ್ಲ ಎಂಬುದು ಸಿಖ್ಖರ ನಿಲುವು, ನಾಟಕದ ಉತ್ಸಾಹದಲ್ಲಿ ನಮ್ಮವರು ಮರೆಯುವುದು ಇದನ್ನೇ. ಮೊದಲು ಒಂದು ತರಗತಿಯ ಮಕ್ಕಳಿಗೆ ಬರೀ ಬಟ್ಟೆಯನ್ನು ಹಿಡಿಯಲು ಹೇಳಿ. ಹತ್ತು ಹನ್ನೆರಡು ಮಕ್ಕಳು ಹಿಡಿಯುತ್ತಾರೆ, ಉಳಿದವರು ಹೊರಗೆ. ಈಗ ಕಾಗದದ ಪಟ್ಟಿ ಕೊಡಿ. 26 ಮಕ್ಕಳಿದ್ದರೆ ತಲಾ ಎರಡು. ಮಡಿಸಿ, ತುದಿ ಕತ್ತರಿಸಿ ಗೊಂಡೆ ಮಾಡಿ, ಅಂಚಿಗೆ ಸ್ಟೇಪಲ್ ಹಾಕಿಸಿ. ಎಲ್ಲವೂ ಒಂದೇ ಉದ್ದ ಇದ್ದರೆ ಹಿಂದೆ ನಿಂತವರಿಗೆ ಎಟುಕುವುದಿಲ್ಲ. ಅದನ್ನು ಮಕ್ಕಳೇ ಕಂಡುಹಿಡಿಯಲಿ, ಸುಮ್ನೆ ಕಾಯಿರಿ. ಯಾರಾದರೊಬ್ಬರು "ಉದ್ದ ಮಾಡೋಣ" ಅಂದೇ ಅನ್ನುತ್ತಾರೆ. ಒಂದು ಗೇಣಿನಿಂದ ಒಂದೂವರೆ ಮೀಟರ್ ತನಕ ಬೇರೆ ಬೇರೆ ಉದ್ದ ಮಾಡಿಸಿ. ಆಮೇಲೆ ತರಗತಿ ಪೂರ್ತಿ ಹಿಡಿದುಕೊಂಡು ಹಾಲಿನ ಬಾಗಿಲು ದಾಟಲಿ. ಕ್ರೇಪ್ ಕಾಗದ ಬೇಡ, ಎಳೆದರೆ ಹರಿಯುತ್ತದೆ.

ಸಮಯ ಉಳಿದರೆ ಥಾಯ್ಲೆಂಡಿನ ಲಾಯ್ ಕ್ರಥೊಂಗ್ ಸೇರಿಸಿ. ಬಾಳೆದಿಂಡಿನ ಬಿಲ್ಲೆಯ ಮೇಲೆ ಎಲೆ, ಹೂವು, ಮೇಣದ ಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ. ಇಲ್ಲಿ ದೀಪದ ಕೆಲಸ ಹೊರಟುಹೋಗುವುದು. ಅದು ಹುಣ್ಣಿಮೆಯ ಹಬ್ಬ. ಕತ್ತಲೆ ಇದೆ ಅಂತ ದೀಪ ಹಚ್ಚುತ್ತಾರೆ ಅನ್ನುವ ನನ್ನ ಹಳೆಯ ಭಾಷಣ ಇಲ್ಲಿಗೆ ಪೂರ್ತಿ ಬಿದ್ದುಹೋಯಿತು.

ಕಳೆದ ವರ್ಷದ ಬೆಡ್‌ಶೀಟ್ ಸಂಘದ ಬೀರುವಿನಲ್ಲಿದೆ, ಬೇಕಾದವರು ಒಯ್ಯಬಹುದು. ಗೊಂಡೆ 51 ಉಳಿದಿವೆ. ಒಂದನ್ನು ಮಾಡಿದ ಹುಡುಗಿ ಬಿಚ್ಚಿಕೊಂಡು ಮನೆಗೆ ತೆಗೆದುಕೊಂಡು ಹೋದಳು.