ಭತ್ತದ ಗದ್ದೆಯನ್ನು ಪಟ್ಟಣ ಮಾಡಿದ ನಿಮ್ಮ ವರದಿಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಉಪಗ್ರಹ ನಕ್ಷೆ ವಿಭಾಗ

ವಿಷಯ: ಗಂಗಾವತಿಯ 2010–2021ರ ಬೆಳವಣಿಗೆ ವರದಿ

ಮಾನ್ಯರೇ,

ಫೋನ್ ಮಾಡಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ನಕ್ಷೆಯಲ್ಲಿ 2010ರ ಗಂಗಾವತಿ ಸರಿಯಾಗಿಯೇ ಇದೆ. 2021ರಲ್ಲಿ ಮಾತ್ರ ಕಾಲುವೆ ಕೆಳಗಿನ ಭತ್ತದ ಗದ್ದೆಯೆಲ್ಲ ಕೆಂಪಾಗಿ 'ಕಟ್ಟಡ' ಆಗಿದೆ. ಹಳೆ ಬಜಾರು, ರೈಸ್ ಮಿಲ್ಲುಗಳ ತಗಡಿನ ಚಾವಣಿ ಬಿಳಿಯಾಗಿ ಉಳಿದಿವೆ. ಊರೇ ಎದ್ದು ಗದ್ದೆಗೆ ಹೋಯಿತೇ?

ಇದನ್ನೇ ಕೇಳಿದಾಗ ನಿಮ್ಮ ತಜ್ಞರು, "ಸರ್, ನಿಮಗೆ ರಿಮೋಟ್ ಸೆನ್ಸಿಂಗ್ ಗೊತ್ತಾ?" ಎಂದರು. ಗದ್ದೆ ಗೊತ್ತು ಎಂದೆ. "ಸ್ಯಾಟಲೈಟ್ ಸುಳ್ಳು ಹೇಳಲ್ಲ. ನೀವು ಹಳೇ ಕಣ್ಣಲ್ಲಿ ನೋಡ್ತಿದ್ದೀರಿ" ಎಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಫೋನ್ ಸ್ಪೀಕರ್‌ನಲ್ಲಿತ್ತು ಅಂತ ಆಗ ಗೊತ್ತಾಯಿತು. ಆಮೇಲೆ "ಸ್ವಲ್ಪ ಓದ್ಕೊಂಡು ಫೋನ್ ಮಾಡಿ" ಎಂದು ಇಟ್ಟುಬಿಟ್ಟರು.

ಓದಿಕೊಂಡೆ. ನಿಮ್ಮ ವರದಿಯ ಅನುಬಂಧವನ್ನೇ ಓದಿದೆ. ಎರಡೂ ವರ್ಷಕ್ಕೆ ಒಂದೇ ಸೂತ್ರ ಹಾಕಿದ್ದೀರಿ:

```
(B5 - B4) / (B5 + B4)
```

2010ರ ಚಿತ್ರ ಲ್ಯಾಂಡ್‌ಸ್ಯಾಟ್ 5 ಉಪಗ್ರಹದ್ದು. ಅದರಲ್ಲಿ B5 ಎಂದರೆ ಕಿರು ಅಲೆಯ ಅವಕೆಂಪು, B4 ಎಂದರೆ ಸಮೀಪದ ಅವಕೆಂಪು. ಕಟ್ಟಡ ಗುರುತಿಸುವ NDBI ಬರುವುದು ಹೀಗೇ. 2021ರದು ಲ್ಯಾಂಡ್‌ಸ್ಯಾಟ್ 8. ಅದರಲ್ಲಿ ಬ್ಯಾಂಡ್ ನಂಬರುಗಳು ಬದಲಾಗಿವೆ. B5 ಸಮೀಪದ ಅವಕೆಂಪು, B4 ಬರೀ ಕೆಂಪು. ಆಗ ಸಿಗುವುದು NDVI, ಅಂದರೆ ಹಸಿರಿನ ಅಳತೆ. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಹಸಿರು ಅಂದ್ರೆ ಭತ್ತವೇ ಅಲ್ವಾ? ಬೆಳೆ ದಟ್ಟವಾದಷ್ಟೂ ನಿಮ್ಮ ಲೆಕ್ಕದಲ್ಲಿ ನಗರ ದೊಡ್ಡದಾಗಿದೆ. ಬೇಕಾಗಿದ್ದು ಇದು:

```
(B6 - B5) / (B6 + B5)
```

ಸೂತ್ರ ಸರಿ ಮಾಡಿ ಕೈತೊಳೆದುಕೊಳ್ಳಬೇಡಿ. NDBIಗೆ ಬರಿ ನೆಲವೂ ಬಂಡೆಯೂ ಕಟ್ಟಡದಂತೆಯೇ ಕಾಣುತ್ತವೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳನ್ನು ಎರಡೂ ವರ್ಷದ ಚಿತ್ರದಿಂದ ತೆಗೆಯಲೇಬೇಕು. ಮರಂ ಹಾಕಿ ಮಟ್ಟ ಮಾಡಿದ, ಮನೆ ಎದ್ದಿಲ್ಲದ ಲೇಔಟುಗಳನ್ನು ಬೇರೆಯಾಗಿ ತೋರಿಸಿ. ಒಂದು ಪಿಕ್ಸೆಲ್‌ನ ಬದಿ 30 ಮೀಟರ್, ಅಂದರೆ 900 ಚದರ ಮೀಟರ್ ಜಾಗ. ಅದರಲ್ಲಿ ಅರ್ಧ ಮನೆ, ಅರ್ಧ ಗದ್ದೆ ಇದ್ದರೆ ಯಾವುದಕ್ಕೆ ಸೇರಿಸಿದಿರಿ ಅಂತಲೂ ಬರೆಯಿರಿ.

ನಿಖರತೆ ಪರೀಕ್ಷೆ ಮಾಡುವುದು ನಿಮ್ಮ ಒಪ್ಪಂದದಲ್ಲೇ ಇದೆ. ಪ್ರತಿ ವರ್ಗಕ್ಕೆ 50 ಬಿಂದುಗಳನ್ನು ಆರಿಸಿ, ಸ್ಥಳದಲ್ಲಿ ನೋಡಬೇಕು. ನಿಮ್ಮ ನಿಯಮ ನಿಮಗೆ ಗೊತ್ತಿರುತ್ತದೆ ಅಂತ ನಾನು ಸುಮ್ನಿದ್ದೆ. ವರದಿಯಲ್ಲಿ ಆ ಪರೀಕ್ಷೆಯ ಕೋಷ್ಟಕದ ಹಾಳೆಯೇ ಇಲ್ಲ. ಒಂದು ಬಿಂದುವಿಗಾದರೂ ಯಾರಾದರೂ ಬಂದಿದ್ದರೆ ಕಾಲಿಗೆ ಕೆಸರು ಮೆತ್ತಿ ವಿಷಯ ಗೊತ್ತಾಗುತ್ತಿತ್ತು.

ಬಾಕಿ ಹಣ ಕೊಡುವುದಿಲ್ಲ. ಕೊಟ್ಟ ಮುಂಗಡ ಹದಿನೈದು ದಿನದಲ್ಲಿ ವಾಪಸ್ ಬರಬೇಕು. ಇಲ್ಲದಿದ್ದರೆ ವಕೀಲರ ನೋಟಿಸ್ ಬರುತ್ತದೆ. ಈ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ನಿಮ್ಮಿಂದ ಕೆಲಸ ಮಾಡಿಸುವ ಪ್ರತಿ ಕಚೇರಿಗೂ ಸೂತ್ರದ ಸಮೇತ ಕಳಿಸುತ್ತೇನೆ. ನಿಮ್ಮ ತಜ್ಞರು ಅಲ್ಲೂ ಸ್ಪೀಕರ್ ಹಾಕಿಕೊಂಡು ಮಾತಾಡಲಿ.

ಇತಿ,
ನಕ್ಷೆ ತರಿಸಿದವನು, ಗಂಗಾವತಿ, ಕೊಪ್ಪಳ ಜಿಲ್ಲೆ